ತೀರ್ಥಹಳ್ಳಿಯಿಂದ ಅಜ್ಜಿಯ ಕಾಗದ

ಚಿರಂಜೀವಿ ಸಿಂಚನಾಳಿಗೆ ಅಜ್ಜಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪುಷ್ಯ ಮಳೆ ಹಿಡಿದು ಹೊಯ್ಯುತ್ತಿದೆ. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಾಳೆ. ಅಡಿಕೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯಬೇಕು, ಆದರೆ ಒಂದು ಹೊತ್ತು ಬಿಸಿಲು ಬಿದ್ದರೆ ತಾನೇ? ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟುಕೊಂಡು ನಿನ್ನ ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುತ್ತಾನೆ.

ಮಗಾ, ನೀನು ಫೋನ್ ಮಾಡಿದಾಗೆಲ್ಲ "ಚೆನ್ನಾಗಿದ್ದೀನಿ ಅಜ್ಜಿ" ಅಂತೀಯ. ಹೋದ ವಾರ ಹಾಗೆ ಹೇಳಿ ಬೇಗ ಇಟ್ಟುಬಿಟ್ಟೆ. ನಿನ್ನ ದನಿ ಸಣ್ಣಗಾಗಿತ್ತು. ಆಮೇಲೆ ನಿನ್ನ ಅಮ್ಮನನ್ನು ಕೇಳಿದೆ. ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತಂತೆ. ಇದನ್ನು ನನ್ನ ಹತ್ತಿರ ಮುಚ್ಚಿಡುವುದು ಏನಿದೆ? ನನಗೆ ಬೇಜಾರಾಗುತ್ತೆ ಅಂತ ನೀನು ಒಬ್ಬಳೇ ಅಳುತ್ತಾ ಕೂತರೆ ನನಗೆ ಇನ್ನೂ ಜಾಸ್ತಿ ಬೇಜಾರು.

ನಿನ್ನ ಅಪ್ಪ ಚಿಕ್ಕವನಿದ್ದಾಗ ಒಂದು ವರ್ಷ ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿತ್ತು. ಹಸಿರು ಕಾಯಿ ತೋಟದ ತುಂಬಾ ಉದುರಿತ್ತು, ಕಾಲಿಡೋಕೆ ಮನಸ್ಸು ಬರುತ್ತಿರಲಿಲ್ಲ. ನಿನ್ನ ಅಜ್ಜ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನೂ ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಮುಂದಿನ ವರ್ಷ ರೋಹಿಣಿ ಮಳೆ ಹೊತ್ತಿಗೇ ಔಷಧಿ ಹೊಡೆಸಿದರು. ನೀನೂ ಮತ್ತೆ ಬರೆ. ಆ ತನಕ ಅಳು ಬಂದರೆ ನನಗೆ ಫೋನ್ ಮಾಡಿಯೇ ಅಳು. ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಈಗ ಸಂಜೆ ಐದೂವರೆ ಅಂತ ಅಪ್ಪ ಹೇಳಿದ. ಅಷ್ಟು ಹೊತ್ತಿಗೆ ನನ್ನ ಊಟ ಮುಗಿದಿರುತ್ತೆ, ಎಷ್ಟು ಹೊತ್ತು ಬೇಕಾದರೂ ಕೂತಿರುತ್ತೇನೆ.

ಊಟ ಬಿಡಬೇಡ. ಬರೀ ಬ್ರೆಡ್ ತಿಂದರೆ ಓದಿದ್ದು ತಲೆಗೆ ಹತ್ತುತ್ತಾ? ಪಕ್ಕದ ಮನೆ ಹುಡುಗ ಮುಂದಿನ ವಾರ ಜರ್ಮನಿಗೆ ಹೊರಟಿದ್ದಾನೆ. ಅವನ ಕೈಲಿ ಹಲಸಿನ ಹಪ್ಪಳ, ಕಷಾಯದ ಪುಡಿ ಕಳಿಸುತ್ತೇನೆ. ಪುಡಿಗೆ ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಒಣಶುಂಠಿ ಹುರಿದು ಹಾಕಿದ್ದೇನೆ. ಕಾಳುಮೆಣಸು ನಮ್ಮ ತೋಟದ್ದೇ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಚೆನ್ನಾಗಿ ಕುದಿಸು. ಒಲೆ ಆರಿಸಿದ ಮೇಲೆ ಬಿಸಿ ಹಾಲು ಸೇರಿಸು. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆದುಹೋಗುತ್ತೆ, ನೆನಪಿರಲಿ.

ಮೊನ್ನೆ ಮರಕೆಸುವಿನ ಎಲೆ ಸಿಕ್ಕಿತ್ತು, ಪತ್ರೊಡೆ ಮಾಡಿದೆ. ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಹಾಕಿದ್ದೆ, ನಿನಗೆ ಹಾಗೇ ಇಷ್ಟ ಅಲ್ವಾ? ಬಡಿಸುವಾಗ ನಿನ್ನ ಹೆಸರು ಬಂತು, ನಿನ್ನ ಅಮ್ಮ ಎದ್ದು ಒಳಗೆ ಹೋದಳು. ಅವಳಿಗೂ ಆಗಾಗ ಎರಡು ಮಾತು ಜಾಸ್ತಿ ಆಡು.

ನನ್ನ ಮಂಡಿನೋವು ಈಗ ಪರವಾಗಿಲ್ಲ. ನನ್ನನ್ನು ನೋಡಬೇಕು ಅಂತ ಓದು ಬಿಟ್ಟು ಓಡಿ ಬರಬೇಡ. ಪರೀಕ್ಷೆ ಮುಗಿಸಿಕೊಂಡು ನಿಧಾನಕ್ಕೆ ಬಾ. ಎಳ್ಳಮಾವಾಸ್ಯೆ ಜಾತ್ರೆಗೆ ರಜೆ ಸಿಕ್ಕಿದರೆ ಇಬ್ಬರೂ ಹೋಗೋಣ, ತೇರು ನೋಡೋಣ.

ಪುಡಿ ಕೈ ಸೇರಿದ ಕೂಡಲೇ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಜ್ಜಿ