ಮಹಿಷಾಸುರನ ಪ್ರವೇಶ (ಶಾಲಾ ರಂಗಕ್ಕೆ)

(ಚೆಂಡೆಯ ಅಬ್ಬರ. ಮಹಿಷ ಸಭೆಯ ಹಿಂದಿನಿಂದ, ಮಕ್ಕಳ ನಡುವೆ ಆರ್ಭಟಿಸುತ್ತ ಬರಬೇಕು. ಬೆಂಕಿಯ ದೊಂದಿ ಬೇಡ. ಕೆಂಪು ಕಾಗದ ಸುತ್ತಿದ ಟಾರ್ಚ್ ಸಾಕು.)

ಭಾಮಿನಿ

ಧರಣಿ ನಡುಗಲು ದಿಶೆಗಳದುರಲು
ಕರಿಯ ಮೇಘದ ತೆರದಿ ಗರ್ಜಿಸು
ತುರಿವ ಕಂಗಳ ಹೊರಳಿಸುತ ಕೋಡೆರಡ ತೂಗುತಲಿ |
ಸುರರ ಪುರವನು ಸೂರೆಗೊಂಬೆನು
ಬರಲಿ ಸಮರಕೆ ಶಕ್ರನೆನ್ನುತ
ಭರದಿ ಬಂದನು ಮಹಿಷದಾನವ ರಂಭಸಂಭವನು ||

ರಾಗ ಮಾರವಿ – ಏಕತಾಳ

ಎಲ್ಲಿಹನಿಂದ್ರನು ಎಲ್ಲಿಹನಗ್ನಿಯು |
ನಿಲ್ಲಲಿ ಬಲವಿರಲು ||
ಕಲ್ಲನು ಬೆಟ್ಟವ ಕೋಡಲಿ ಕೀಳುತ |
ಚೆಲ್ಲುವೆ ದೆಸೆದೆಸೆಗೆ || ೧ ||

ಪುರುಷರ ಕೈಯಲಿ ಮರಣವೆ ಇಲ್ಲದ |
ವರವನು ಪಡೆದಿಹೆನು ||
ತರುಣಿಯ ಬಲವನು ಲೆಕ್ಕಿಪರಾರೈ |
ಬರಲವಳೂ ರಣಕೆ || ೨ ||

(ರಂಗವೇರಿ ಒಂದು ಸುತ್ತು ಕುಣಿತ.)

ಮಹಿಷ: ಬಲ್ಲಿರೇನಯ್ಯಾ ಭಾಗವತರೇ! ಅಮರಾವತಿಯ ಬಾಗಿಲು ಮುರಿಯಹೊರಟವನು ಯಾರೆಂದು ಕೇಳಿದ್ದೀರಿ?

ಭಾಗವತ: ರಂಭಾಸುರನ ಮಗ, ಮಹಿಷಾಸುರನೆಂದು ಕೇಳಿದ್ದೇವೆ.

ಮಹಿಷ: ಅಹುದು! ಬ್ರಹ್ಮನ ವರ ಬೆನ್ನಿಗಿದೆ, ಕೋಡು ತಲೆಯ ಮೇಲಿದೆ. ದೇವೇಂದ್ರನ ಐರಾವತಕ್ಕೆ ಇಂದು ನಮ್ಮ ಕೊಟ್ಟಿಗೆಯಲ್ಲೇ ಹುಲ್ಲು. ಎಲವೋ ಚಿಕ್ಷುರಾ, ಸೇನೆ ಹೊರಡಿಸು! ಬಾರಿಸಲಿ ಚೆಂಡೆ!