ವಿಜ್ಞಾನದ ಬಾಗಿಲು ಮುಚ್ಚುವ ಮೇ ತಿಂಗಳು: ಇಂಡಿ ತಾಲ್ಲೂಕಿನ ಹುಡುಗಿಯರ ಪ್ರೌಢಶಾಲೆಯಿಂದ ಎಂಜಿನಿಯರಿಂಗ್‌ವರೆಗಿನ ಅಡೆತಡೆಗಳ ಅಧ್ಯಯನ

ಸಾರಾಂಶ

ಹುಡುಗಿಯರು ಎಂಜಿನಿಯರಿಂಗ್‌ಗೆ ಬರುವುದು ಯಾಕೆ ಕಡಿಮೆ ಎಂದು ಸಾಮಾನ್ಯವಾಗಿ ಕಾಲೇಜಿನ ದ್ವಾರದಲ್ಲಿ ನಿಂತು ಕೇಳುತ್ತೇವೆ. ವಿಜಯಪುರ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಆ ತೀರ್ಮಾನ ಎರಡು ವರ್ಷ ಮೊದಲೇ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಪಿಯು ಪ್ರವೇಶಕ್ಕೂ ನಡುವಿನ ಕೆಲವೇ ವಾರಗಳಲ್ಲಿ ಆಗಿಹೋಗಿರುತ್ತದೆ ಎಂಬುದು ಈ ಪ್ರಬಂಧದ ವಾದ. ಆ ವಾರಗಳಲ್ಲಿ ಮನೆಯವರು ಅಂಕಪಟ್ಟಿಗಿಂತ ಹೆಚ್ಚಾಗಿ ಬಸ್ಸಿನ ವೇಳೆ ನೋಡುತ್ತಾರೆ.

ಹಿನ್ನೆಲೆ

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2020-21ರ ವರದಿಯಂತೆ ದೇಶದಲ್ಲಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದವರು 55.5 ಲಕ್ಷ. ಅವರಲ್ಲಿ ಹುಡುಗಿಯರು 29.5 ಲಕ್ಷ, ಹುಡುಗರು 26 ಲಕ್ಷ. ಎಂಜಿನಿಯರಿಂಗ್‌ಗೆ ಬಂದರೆ ಹುಡುಗಿಯರ ಪಾಲು ಮೂರನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಹುಡುಗಿಯರಿಗೆ ವಿಜ್ಞಾನ ಒಗ್ಗದು ಎನ್ನುವವರಿಗೆ ಈ ಅಂಕಿಗಳೇ ಉತ್ತರ. ಹತ್ತಿರದಲ್ಲಿ ಸಿಗುವ, ಕಡಿಮೆ ಖರ್ಚಿನ, ಮುಂದೆ ಬಿಎಡ್ ಮಾಡಿ ಶಿಕ್ಷಕಿಯಾಗಬಹುದಾದ ಬಿಎಸ್ಸಿಗೆ ಮನೆಯವರು ಒಪ್ಪುತ್ತಾರೆ. ದೂರದ ಊರು, ಹಾಸ್ಟೆಲ್, ನಾಲ್ಕು ವರ್ಷದ ಫೀಸು ಎಂದಾಗ ಹಿಂದೆ ಸರಿಯುತ್ತಾರೆ.

ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಹದಿನಾರರ ಹುಡುಗಿ ಕಲಾ ವಿಭಾಗದ ಅರ್ಜಿ ತುಂಬಿದರೆ ಸಿಇಟಿಯ ದಾರಿ ಅಂದೇ ಮುಚ್ಚಿತು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ಇನ್ನೊಂದು ದಾರಿ ಇದೆ. ನಾನು ಮಾತಾಡಿಸಿದ ಪಾಲಕರಲ್ಲಿ ಯಾರೂ ಆ ಹೆಸರನ್ನೇ ಕೇಳಿರಲಿಲ್ಲ.

ವಿಧಾನ

ನಾನು ಈ ತಾಲ್ಲೂಕಿನಲ್ಲೇ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವವಳು. ಎರಡು ಶೈಕ್ಷಣಿಕ ವರ್ಷ ಮೂರು ಹಳ್ಳಿಗಳಲ್ಲಿ, ಹತ್ತನೇ ತರಗತಿ ಮುಗಿಸಿದ ಹುಡುಗಿಯರನ್ನೂ ಅವರ ತಾಯಿತಂದೆಯರನ್ನೂ ಅವರ ಮನೆಯಲ್ಲೇ ಕುಳಿತು ಮಾತಾಡಿಸಿದೆ. ಶೇಕಡಾವಾರು ಲೆಕ್ಕ ಹಾಕುವಷ್ಟು ದೊಡ್ಡ ಗುಂಪು ಇದಲ್ಲ, ಆದ್ದರಿಂದ ಹಾಕಿಲ್ಲ. ಹುಡುಗಿಯರ ಹೆಸರು, ಊರಿನ ಹೆಸರು ಕೊಟ್ಟಿಲ್ಲ.

ಕಂಡದ್ದು

ಮೊದಲನೆಯದು ಸಂಜೆಯ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಟಿಕೆಟ್ಟಿನ ಖರ್ಚು ತಪ್ಪಿದ್ದು ದೊಡ್ಡ ಅನುಕೂಲ ಎಂದು ಎಲ್ಲ ಮನೆಯಲ್ಲೂ ಹೇಳಿದರು. ಆದರೆ ಕಲಾ ವಿಭಾಗದ ತರಗತಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ವಿಜ್ಞಾನದವರಿಗೆ ಪ್ರಾಯೋಗಿಕ ತರಗತಿ ಇರುವುದೇ ಮಧ್ಯಾಹ್ನದ ನಂತರ. ಲ್ಯಾಬ್ ಮುಗಿಸಿ ಬಂದರೆ ಊರಿನ ಬಸ್ಸು ಹೋಗಿರುತ್ತದೆ. ಮುಂದಿನದಕ್ಕೆ ಕಾದರೆ ಕ್ರಾಸಿನಲ್ಲಿ ಇಳಿದು ಹೊಲದ ನಡುವಿನ ರಸ್ತೆಯಲ್ಲಿ ಕತ್ತಲಲ್ಲಿ ನಡೆಯಬೇಕು. ಒಬ್ಬ ತಾಯಿ ಹೇಳಿದ್ದನ್ನು ಹಾಗೇ ಕೊಡುತ್ತೇನೆ: “ಸಾಲಿ ಕಲಿಸಾಕ ನಾವೇನ್ ಒಲ್ಲೆ ಅನ್ನಂಗಿಲ್ರಿ ಮೇಡಮ್. ಸಂಜಿ ಏಳಕ್ಕ ಹುಡಿಗಿ ಒಬ್ಬಾಕಿನ ಕ್ರಾಸಿನಾಗ ಇಳಿದ್ರ ನಾ ಹ್ಯಾಂಗ ಮನ್ಯಾಗ ಕುಂದರ್‍ಲಿ?” ಇದನ್ನು ಹಳೇ ಕಾಲದ ಮನಸ್ಥಿತಿ ಎಂದು ಬರೆದು ಮುಂದೆ ಹೋಗುವುದು ಅನ್ಯಾಯ. ಆಕೆಯ ಭಯ ನಿಜವಾದದ್ದು, ಪರಿಹಾರವೂ ಕಣ್ಣೆದುರಿಗೇ ಇದೆ: ಬಸ್ಸಿನ ವೇಳೆ ಬದಲಿಸುವುದು, ಇಲ್ಲವೇ ಲ್ಯಾಬನ್ನು ಬೆಳಗಿನ ಅವಧಿಗೆ ತರುವುದು.

ಎರಡನೆಯದು ಭಾಷೆ. ಇದನ್ನು ನಾನು ದಿನವೂ ತರಗತಿಯಲ್ಲಿ ನೋಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗಿಯೊಬ್ಬಳ ಪ್ರಥಮ ಪಿಯು ನೋಟ್‌ಬುಕ್ ಈಗ ನನ್ನೆದುರಿಗಿದೆ. ಜೂನ್ ತಿಂಗಳ ಪುಟಗಳಲ್ಲಿ ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ: “ಅಕ್ಸಲರೇಶನ್”, “ಮೊಮೆಂಟಮ್”, “ವೆಕ್ಟರ್”. ಮೂರು ವಾರದ ನಂತರದ ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ “ಅಕ್ಸಲರೇಶನ್ = ವೇಗೋತ್ಕರ್ಷ!!” ಎಂದಿದೆ. ಅವಳಿಗೆ ವೇಗೋತ್ಕರ್ಷ ಚೆನ್ನಾಗಿ ಗೊತ್ತಿತ್ತು, ಲೆಕ್ಕವನ್ನೂ ಮಾಡುತ್ತಿದ್ದಳು. ಗೊತ್ತಿದ್ದ ವಿಷಯವೇ ಮೂರು ವಾರ ಗೊತ್ತಿಲ್ಲದ್ದಾಗಿತ್ತು. ಆ ಮೂರು ವಾರದಲ್ಲಿ ಅವಳ ಜೊತೆ ಬಂದಿದ್ದ ಇಬ್ಬರು ಗೆಳತಿಯರು ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡು ಹೋದರು. ತಪ್ಪಿನಲ್ಲಿ ನನ್ನ ಪಾಲೂ ಇದೆ. ಮೊದಲ ದಿನವೇ ಎರಡೂ ಪದಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಬೇಕಿತ್ತು. ಈಗ ಬರೆಯುತ್ತೇನೆ.

ಹುಡುಗರಿಗೂ ಇದೇ ತೊಂದರೆ ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ಹುಡುಗನನ್ನು ಟ್ಯೂಷನ್‌ಗೆ ವಿಜಯಪುರದಲ್ಲಿ ರೂಮು ಮಾಡಿ ಇಡುತ್ತಾರೆ. ಹುಡುಗಿಗೆ “ಆಗವಲ್ತಂದ್ರ ಆರ್ಟ್ಸ್ ತಗೋ” ಎನ್ನುತ್ತಾರೆ.

ಮೂರನೆಯದು ಮದುವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಜನರಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಮದುವೆ ಮಾಡದ ಮನೆಗಳಲ್ಲೂ ಅದರ ಲೆಕ್ಕ ಓದಿನ ಮೇಲೆ ಬೀಳುತ್ತದೆ. ಎಂಜಿನಿಯರಿಂಗ್ ಕಲಿತವಳಿಗೆ ಅದಕ್ಕಿಂತ ಹೆಚ್ಚು ಕಲಿತ ವರನನ್ನು ಹುಡುಕಬೇಕು, ಅದಕ್ಕೆ ತಕ್ಕ ಖರ್ಚು ಎಲ್ಲಿಂದ ತರುವುದು ಎಂದು ಒಬ್ಬ ತಂದೆ ಮುಚ್ಚುಮರೆಯಿಲ್ಲದೆ ಕೇಳಿದರು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವ ಮನೆಗಳಲ್ಲಿ ದೊಡ್ಡ ಮಗಳು ತಮ್ಮಂದಿರನ್ನು ನೋಡಿಕೊಳ್ಳಲು ಅಜ್ಜಿಯ ಹತ್ತಿರ ಉಳಿಯುತ್ತಾಳೆ. ಆಕೆಗೆ ಹಾಜರಾತಿ ಕಡ್ಡಾಯವಾದ ಕೋರ್ಸು ಕಷ್ಟ.

ನಾಲ್ಕನೆಯದು ಕಾಗದಪತ್ರ. ಸಿಇಟಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರಗಳ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ತಂದೆ ಒಂದು ದಿನದ ಕೂಲಿ ಬಿಟ್ಟು ಹೋಗಿ, ಸಾಹೇಬರಿಲ್ಲವೆಂದು ಮರಳಿ, ಮತ್ತೊಂದು ದಿನ ಹೋಗಬೇಕು. ಇನ್ನೊಂದು ಗೊಂದಲವನ್ನೂ ದಾಖಲಿಸಬೇಕು. ನಮ್ಮೂರಿಗೆ ಬರುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಆದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371ಜೆ ವಿಧಿಯ ಮೀಸಲಾತಿ ವಿಜಯಪುರ ಜಿಲ್ಲೆಗಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ನೆಂಟರ ಮಗಳಿಗೆ ಸೀಟು ಸಿಕ್ಕಿದ್ದನ್ನು ನಂಬಿ, ನಮಗೂ ಸಿಗುತ್ತದೆ ಎಂದು ಕೌನ್ಸೆಲಿಂಗ್‌ವರೆಗೂ ಕಾದ ಮನೆಯೊಂದಿತ್ತು. ಆ ಹುಡುಗಿ ಈಗ ಬಿಎಸ್ಸಿ ಓದುತ್ತಿದ್ದಾಳೆ.

ಶಿಫಾರಸು

ಹೊಸ ಯೋಜನೆಗಿಂತ ಮೊದಲು ಇರುವುದರ ವೇಳೆ ಸರಿಪಡಿಸಬೇಕು. ಫಲಿತಾಂಶ ಬಂದ ವಾರವೇ ಪಿಯು ಉಪನ್ಯಾಸಕರೊಬ್ಬರು ಪ್ರತಿ ಪ್ರೌಢಶಾಲೆಗೆ ಹೋಗಿ ತಾಯಂದಿರ ಜೊತೆ ಕೂರಬೇಕು. ತಾಯಂದಿರು ಎಂದು ಬೇಕಂತಲೇ ಬರೆದಿದ್ದೇನೆ. ಕೊನೆಯ ಮಾತು ಅಪ್ಪನದಾದರೂ ಸಂಜೆ ಕ್ರಾಸಿಗೆ ಹೋಗಿ ಕಾಯುವವಳು ತಾಯಿ. ವ್ಯಾಸಂಗ ಪ್ರಮಾಣಪತ್ರಗಳನ್ನು ಹತ್ತನೇ ತರಗತಿಯ ಟಿಸಿ ಜೊತೆಗೇ ಮೇಲುಸಹಿ ಮಾಡಿಸಿ ಕೊಡಬಹುದು. ಪ್ರಥಮ ಪಿಯುವಿನ ಮೊದಲ ತಿಂಗಳು ಎರಡು ಭಾಷೆಯಲ್ಲಿ ಪಾಠ ನಡೆಯಬೇಕು. ಮೆಟ್ರಿಕ್ ನಂತರದ ಹಾಸ್ಟೆಲ್ ಪಟ್ಟಿ ತರಗತಿ ಶುರುವಾಗುವ ಮೊದಲೇ ಪ್ರಕಟವಾಗಬೇಕು. ತಡವಾಗಿ ಬಂದ ಪಟ್ಟಿಯಲ್ಲಿ ಹೆಸರಿದ್ದರೂ ಅಷ್ಟರಲ್ಲಿ ಹುಡುಗಿ ಊರಿನ ಕಾಲೇಜಿನಲ್ಲಿ ಕಲಾ ವಿಭಾಗ ಸೇರಿರುತ್ತಾಳೆ.

ಅಧ್ಯಯನದ ಮಿತಿ

ನಾನು ಮಾತಾಡಿಸಿದವರೆಲ್ಲ ಊರಿನಲ್ಲಿ ಉಳಿದವರು. ಮನೆಯವರ ಜೊತೆ ಗುಳೆ ಹೋದ ಹುಡುಗಿಯರು, ಮದುವೆಯಾಗಿ ಹೋದವರು ಇದರಲ್ಲಿ ಇಲ್ಲ. ಒಬ್ಬಳ ಜೊತೆ ಮಾತ್ರ ಆಕೆಯ ಗಂಡನ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದೆ. ನನ್ನ ಪ್ರಶ್ನೆಗಳಿಗೆ “ಹೂಂರಿ ಮೇಡಮ್” ಎಂದಷ್ಟೇ ಉತ್ತರ ಬಂತು. ಫೋನ್ ಇಡುವ ಮುಂಚೆ, ಲ್ಯಾಬ್ ರೆಕಾರ್ಡ್ ಬುಕ್ ಇನ್ನೂ ಕಾಲೇಜಿನಲ್ಲೇ ಇದೆಯೇ, ತಂಗಿಗೆ ಕೊಡಬಹುದೇ ಎಂದು ಕೇಳಿದಳು.