ಎಸಿ ರಿಪೇರಿ ಬಗ್ಗೆ ಮನೆ ಮಾಲೀಕರಿಗೆ ಪತ್ರ

ಕಲಬುರಗಿ
10 ಫೆಬ್ರವರಿ 2025

ಬಸವರಾಜ ಕಾಕಾ ಅವರಿಗೆ,

ಶರಣು ಶರಣಾರ್ಥಿ. ನೀವು, ಕಾಕು ಇಬ್ಬರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಮಗನ ಮನೆ ಹವೆ ನಿಮಗೆ ಒಗ್ಗಿದೆ ಅಂತ ಹೋದ ಸಲ ಫೋನಿನಲ್ಲಿ ಹೇಳಿದ್ದಿರಿ. ಕೇಳಿ ಖುಷಿಯಾಯಿತು.

ಮೇಲಿನ ಮಲಗುವ ಕೋಣೆಯ ಎಸಿ ಕೆಟ್ಟಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಹಾಗಾಗಿ ಎಲ್ಲ ವಿವರವನ್ನೂ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ಅದನ್ನು ಹಾಕಿರಲಿಲ್ಲ. ಬೇಸಿಗೆಗೆ ಮುಂಚೆ ಒಮ್ಮೆ ನೋಡಿಬಿಡೋಣ ಅಂತ ಹೋದ ಭಾನುವಾರ ಫಿಲ್ಟರ್ ತೊಳೆದು ಹಚ್ಚಿದೆ. ಫ್ಯಾನ್ ತಿರುಗಿತು, ಹೊರಗಿನ ಯೂನಿಟ್ ಕೂಡ ಶುರುವಾಯಿತು, ಆದರೆ ಒಂದು ತಾಸಾದರೂ ಬರೀ ಗಾಳಿ ಬಂತೇ ಹೊರತು ತಂಪು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಕಾಯಿಲ್ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಐಸ್ ಕಟ್ಟಿತ್ತು. ಮರುದಿನ ಮೆಕ್ಯಾನಿಕ್ ಕರೆಸಿದೆ. ಗ್ಯಾಸ್ ಬಹುತೇಕ ಖಾಲಿ ಅಂದರು. ಮಾಳಿಗೆ ಮೇಲಿನ ಯೂನಿಟ್‌ಗೆ ತಾಮ್ರದ ಪೈಪ್ ಸೇರುವ ಜಾಗದಲ್ಲಿ ಎಣ್ಣೆ ಜಿಡ್ಡು ಅಂಟಿತ್ತು. ಸೋಪಿನ ನೊರೆ ಹಚ್ಚಿದರೆ ಅಲ್ಲೇ ಗುಳ್ಳೆ ಏಳುತ್ತಿದ್ದವು. ನಾನೇ ಕಣ್ಣಾರೆ ನೋಡಿದೆ. ಫೋಟೋ, ವಿಡಿಯೊ ಎರಡೂ ನಿಮ್ಮ ವಾಟ್ಸಾಪ್‌ಗೆ ಹಾಕಿದ್ದೇನೆ.

ಕಾಕಾ, ಹೋದ ವರ್ಷ ಏಪ್ರಿಲ್‌ನಲ್ಲೂ ಇದೇ ಆಗಿತ್ತು. ಆಗ ನೀವು 2,800 ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದಿರಿ. ಅದು ಸೆಪ್ಟೆಂಬರ್‌ವರೆಗೂ ಬರಲಿಲ್ಲ. ಗ್ಯಾಸ್ ಅನ್ನೋದು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ, ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿಕೆ ಮುಚ್ಚದೆ ಮತ್ತೆ ತುಂಬಿಸಿದರೆ ನಿಮ್ಮ ದುಡ್ಡು ಗಾಳಿಗೆ ಹೋದಂತೆ. ಈ ಸಲ ಮೊದಲು ಜಾಯಿಂಟ್ ಸರಿ ಮಾಡಿಸಿ, ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತದಾ ನೋಡಿ, ಆಮೇಲೆ ಗ್ಯಾಸ್ ಹಾಕಿಸೋಣ. ಎಲ್ಲ ಸೇರಿ 4,200 ರೂಪಾಯಿ ಆಗುತ್ತದೆ ಅಂದಿದ್ದಾರೆ. ಒಳಗಿನ ಕಾಯಿಲ್ ಕೂಡ ತೂತಾಗಿದ್ದರೆ ಖರ್ಚು ಜಾಸ್ತಿ. ಅದು ಪ್ರೆಷರ್ ಹಾಕಿದಾಗಲೇ ಗೊತ್ತಾಗುತ್ತದೆ. ಹಾಗೇನಾದರೂ ಇದ್ದರೆ ನಿಮ್ಮನ್ನು ಕೇಳದೆ ಮುಂದುವರಿಯುವುದಿಲ್ಲ.

ಇಷ್ಟು ಬೇಗ ಯಾಕೆ ಕೇಳುತ್ತಿದ್ದೇನೆ ಅಂದರೆ, ಇಲ್ಲಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ, ಶರಣಬಸವೇಶ್ವರರ ಜಾತ್ರೆ ಹೊತ್ತಿಗೆ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗೋದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ನಮ್ಮದು ಮೇಲಿನ ಮನೆ, ಪಡುವಣ ಗೋಡೆ ಬೇರೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಾದರೂ ಬಿಸಿ ಉಗುಳುತ್ತಲೇ ಇರುತ್ತದೆ. ಆ ಕೋಣೆಯಲ್ಲಿ ಮಲಗುವವರು ನಮ್ಮ ಅವ್ವ. ಅವರಿಗೆ ಈಗ 71, ಬಿಪಿ ಇದೆ. ಹೋದ ಮೇನಲ್ಲಿ ಒಂದು ದಿನ ಕರೆಂಟ್ ಹೋಗಿ ಮಧ್ಯಾಹ್ನ ಎಸಿ ಇರಲಿಲ್ಲ. ಅವತ್ತು ತಲೆಸುತ್ತು ಬಂದು ಬಚ್ಚಲ ಬಾಗಿಲಲ್ಲೇ ಕುಸಿದು ಕೂತರು. ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಬಂದೆವು. ಆ ದಿನ ನೆನೆದರೆ ಈಗಲೂ ನನಗೆ ಕೈಕಾಲು ಆಡೋದಿಲ್ಲ.

ಕೂಲರ್ ಇಟ್ಟುಕೊಳ್ಳಬಹುದಲ್ವಾ ಅಂತ ನಿಮಗೆ ಅನಿಸಬಹುದು. ನಾನೂ ಯೋಚಿಸಿದೆ. ಕೂಲರ್‌ಗೆ ಹೊರಗಿನ ಗಾಳಿ ಒಳಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಆ ಕೋಣೆಗಿರುವುದು ಒಂದೇ ಕಿಟಕಿ. ಮೇಲಾಗಿ ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಕುಡಿಯೋಕೆ ಉಳಿಸಿದ ನೀರನ್ನು ಕೂಲರ್‌ಗೆ ಸುರಿಯೋಕೆ ಮನಸ್ಸು ಬರೋದಿಲ್ಲ.

ಎಸಿ ಮನೆ ಜೊತೆಗೇ ಕೊಟ್ಟದ್ದು. ಫಿಲ್ಟರ್ ತೊಳೆಯುವುದು, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವುದು ನಮ್ಮದು, ದೊಡ್ಡ ರಿಪೇರಿ ನಿಮ್ಮದು ಅಂತ ಕರಾರು ಪತ್ರದಲ್ಲಿ ಬರೆದುಕೊಂಡಿದ್ದೇವೆ. ಸರ್ವಿಸ್ ತಪ್ಪಿಸಿಲ್ಲ, ರಸೀದಿಗಳಿವೆ. ಈ ಮಾತನ್ನು ಹಕ್ಕು ಸಾಧಿಸೋಕೆ ಹೇಳುತ್ತಿಲ್ಲ. ಮೂರು ವರ್ಷದಲ್ಲಿ ನೀವು ನಮ್ಮನ್ನು ಬಾಡಿಗೆಯವರ ಹಾಗೆ ನೋಡಿಲ್ಲ, ಅದು ನಮಗೆ ಗೊತ್ತು.

ನಿಮಗೆ ಗುರುತಿನ ಮೆಕ್ಯಾನಿಕ್ ಇದ್ದರೆ ಕಳಿಸಿ, ನಾನು ಮನೆಯಲ್ಲಿ ಇರುತ್ತೇನೆ. ಇಲ್ಲವಾದರೆ ನೀವು ಹೂಂ ಅಂದರೆ ನಾನೇ ಮಾಡಿಸಿ, ಬಿಲ್ ಕಳಿಸಿ, ಮಾರ್ಚ್ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ. ಮಾರ್ಚ್ ಹಿಡಿಯಿತು ಅಂದರೆ ಮೆಕ್ಯಾನಿಕ್‌ಗಳು ಕೈಗೆ ಸಿಗೋದಿಲ್ಲ, ಕರೆದರೆ ವಾರ ಕಾಯಿಸುತ್ತಾರೆ. ಫೆಬ್ರವರಿ 20ರೊಳಗೆ ತಿಳಿಸಿದರೆ ತಿಂಗಳು ಮುಗಿಯುವುದರೊಳಗೆ ಕೆಲಸ ಆಗುತ್ತದೆ.

ಯುಗಾದಿಗೆ ಊರಿಗೆ ಬಂದರೆ ಊಟಕ್ಕೆ ನಮ್ಮಲ್ಲೇ ಬರಬೇಕು ಅಂತ ಅವ್ವ ಹೇಳಿದ್ದಾರೆ. ಕಾಕುಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ,
ಮಹಾಂತೇಶ
(ಮೇಲಿನ ಮನೆ)